ಮೂರು ಗೀಟು, ಒಂದು ಸ್ಪೇಸ್

ಮೊನ್ನೆ ಮಾವಿನ ಬೆಳೆಯ ಒಂದು ಕೈಪಿಡಿ ತಿದ್ದುತ್ತಿದ್ದೆ. ಹಳೆಯ ಪಿಡಿಎಫ್‌ನಿಂದ ಪೇಸ್ಟ್ ಮಾಡಿದ ಒಂದು ಸಾಲು ಹೀಗಿತ್ತು:

ಗಿಡಗಳ ನಡುವೆ 8 - 10 ಮೀಟರ್ ಜಾಗ - ಗಾಳಿ - ಬೆಳಕು ಆಡಬೇಕಲ್ಲ - ಬಿಡಬೇಕು .

ಎಲ್ಲ ಗೀಟೂ ಒಂದೇ ಥರ ಕಾಣುತ್ತೆ, ಅಲ್ವಾ? ಆದರೆ ಮೂರು ಬೇರೆ ಬೇರೆ ಕೆಲಸ ಇಲ್ಲಿ ನಡೆಯುತ್ತಿದೆ. ‘ಗಾಳಿ-ಬೆಳಕು’ ಜೋಡಿ ಪದ. ಅದಕ್ಕೆ ಹೈಫನ್ ಸಾಕು, ಅಕ್ಕಪಕ್ಕ ಸ್ಪೇಸ್ ಬೇಡ. ‘8–10’ ಅಂದರೆ 8ರಿಂದ 10ರವರೆಗೆ. ಅದಕ್ಕೆ ಎನ್ ಡ್ಯಾಶ್ ಬೇಕು. ಅದು ಹೈಫನ್‌ಗಿಂತ ಉದ್ದ, ಇಲ್ಲೂ ಸ್ಪೇಸ್ ಬೇಡ. ಗೀಟೇ ‘ಇಂದ’ ಅನ್ನುವುದರಿಂದ ‘8ರಿಂದ–10’ ಎಂದು ಬರೆಯುವುದು ತಪ್ಪು. ಇನ್ನು ಮಾತಿನ ನಡುವೆ ಬಂದ ಮಾತಿಗೆ ಎರಡೂ ಬದಿ ಸ್ಪೇಸ್ ಬಿಟ್ಟು ಎನ್ ಡ್ಯಾಶ್ ಹಾಕಬಹುದು. ಸ್ಪೇಸ್ ಇಲ್ಲದೆ, ಇನ್ನೂ ಉದ್ದದ ಎಮ್ ಡ್ಯಾಶ್ ಹಾಕುವವರೂ ಇದ್ದಾರೆ. ನನಗೆ ಮೊದಲನೆಯದೇ ಇಷ್ಟ, ಕನ್ನಡದ ಉದ್ದ ಪದಗಳು ಅಂಟಿಕೊಳ್ಳುವುದಿಲ್ಲ.

ಗಿಡಗಳ ನಡುವೆ 8–10 ಮೀಟರ್ ಜಾಗ – ಗಾಳಿ-ಬೆಳಕು ಆಡಬೇಕಲ್ಲ – ಬಿಡಬೇಕು.

ಈಗ ಕಣ್ಣು ಎಲ್ಲೂ ತಡವರಿಸುವುದಿಲ್ಲ. ಟೈಪ್‌ರೈಟರ್‌ನಲ್ಲಿ ಇದ್ದದ್ದು ಒಂದೇ ಗೀಟಿನ ಕೀಲಿ, ಅದೇ ಕಂಪ್ಯೂಟರ್ ಕೀಬೋರ್ಡ್‌ಗೂ ಬಂತು. ಹಾಗಾಗಿ ನಮ್ಮ ಬೆರಳಿಗೆ ಹೈಫನ್ನೇ ರೂಢಿ. ವಿಂಡೋಸ್‌ನಲ್ಲಿ Alt ಒತ್ತಿ ಹಿಡಿದು, ಬಲಗಡೆಯ ಅಂಕಿ ಕೀಲಿಗಳಲ್ಲಿ 0150 ಒತ್ತಿದರೆ ಎನ್ ಡ್ಯಾಶ್, 0151 ಒತ್ತಿದರೆ ಎಮ್ ಡ್ಯಾಶ್.

ಫುಲ್‌ಸ್ಟಾಪ್‌ಗೆ ಮುಂಚೆ ಆ ಸ್ಪೇಸ್ ಎಲ್ಲಿಂದ ಬಂತು? ಪಿಡಿಎಫ್‌ನಲ್ಲಿ ಮುಖ್ಯವಾಗಿ ಇರುವುದು ಯಾವ ಅಕ್ಷರ ಪುಟದ ಎಲ್ಲಿ ಕೂರಬೇಕು ಎಂಬ ಲೆಕ್ಕ. ಕಾಪಿ ಮಾಡುವಾಗ ಸಾಫ್ಟ್‌ವೇರ್ ಅಕ್ಷರಗಳ ನಡುವಿನ ಸಂದು ನೋಡಿ ಸ್ಪೇಸ್ ಎಲ್ಲಿದೆ ಎಂದು ಊಹಿಸುತ್ತದೆ. ಸಾಲನ್ನು ಎರಡೂ ಅಂಚಿಗೆ ಎಳೆದು ಕೂರಿಸಿದ್ದರೆ ಫುಲ್‌ಸ್ಟಾಪ್‌ನ ಹಿಂದಿನ ಸಂದು ಸ್ವಲ್ಪ ಹಿಗ್ಗಿರಬಹುದು. ಆಗ ಊಹೆ ತಪ್ಪುತ್ತದೆ. ಪ್ಯಾರಾ ಹೊಸದಾಗಿ ಹರಿದಾಗ ಕಾಮಾ ಒಂಟಿಯಾಗಿ ಸಾಲಿನ ಶುರುವಿಗೆ ಬಂದು ಕೂತಿದ್ದರೆ ಕಾರಣ ಇದೇ ಸ್ಪೇಸ್.

ನಾನು ಮೊದಲು ಸ್ಪೇಸ್ ಮತ್ತು ಕಾಮಾ ಒಟ್ಟಿಗೆ ಹುಡುಕಿ ಬದಲಿಸಿದೆ. ಕೆಲವು ಹಾಗೇ ಉಳಿದವು. ಅವು ಸಾಲು ಮುರಿಯಲು ಬಿಡದ ಸ್ಪೇಸ್‌ಗಳು. ನೋಡಲು ಮಾಮೂಲಿ, ಆದರೆ ಕಂಪ್ಯೂಟರ್‌ಗೆ ಬೇರೆ ಅಕ್ಷರ. ಲಿಬ್ರೆಆಫೀಸ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಮಾಡಿ ಇದನ್ನು ಹುಡುಕಿದರೆ ಎರಡೂ ಸಿಗುತ್ತವೆ:

```
[ \u00A0]+([,.;:?!])
```

ಬದಲಿಗೆ `$1` ಕೊಡಿ, ಸ್ಪೇಸ್ ಹೋಗಿ ಚಿಹ್ನೆ ಮಾತ್ರ ಉಳಿಯುತ್ತದೆ. ಆದರೆ ‘ಸುಮಾರು .5 ಲೀಟರ್’ ಎಂದಿದ್ದರೆ ಅದೂ ‘ಸುಮಾರು.5’ ಆಗಿಬಿಡುತ್ತದೆ. ಅದಕ್ಕೇ ನಾನು ಒಂದೊಂದೇ ನೋಡಿ ಬದಲಿಸುತ್ತೇನೆ. ಅಂಕಿಗಳ ನಡುವಿನ ಹೈಫನ್‌ಗಳನ್ನಂತೂ ಒಟ್ಟಿಗೆ ಡ್ಯಾಶ್ ಮಾಡಲೇಬೇಡಿ. ಫೋನ್ ನಂಬರ್, 2024-08-15 ಥರದ ತಾರೀಖು, ಎಲ್ಲಕ್ಕೂ ಡ್ಯಾಶ್ ಬಂದು ಕೂರುತ್ತದೆ.