11 ಕೆವಿ ತಂತಿಗೂ 10 ಅಡಿ ದೂರ ಯಾಕೆ?

11 ಕೆವಿ, ಅಂದರೆ 11 ಸಾವಿರ ವೋಲ್ಟಿನ ತಂತಿಯಿಂದ ಕರೆಂಟು ಗಾಳಿಯಲ್ಲಿ ಹಾರುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಆದರೂ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, 50 ಕೆವಿವರೆಗಿನ ತಂತಿಯಿಂದ ಕ್ರೇನ್ 10 ಅಡಿ, ಅಂದರೆ ಸುಮಾರು 3 ಮೀಟರ್ ದೂರ ಇರಬೇಕೆಂದು 1970ರ ದಶಕದಿಂದಲೇ ಹೇಳುತ್ತಿದೆ.

ಈ 10 ಅಡಿ ಕರೆಂಟಿನ ಲೆಕ್ಕ ಅಲ್ಲ, ಮನುಷ್ಯನ ಕಣ್ಣಿನ ಲೆಕ್ಕ. ಕ್ರೇನಿನ ಕ್ಯಾಬಿನ್ನಿನಿಂದ ತಲೆಯೆತ್ತಿ ನೋಡಿದರೆ ತಂತಿಯ ಹಿಂದೆ ಬರೀ ಆಕಾಶ. ಕ್ರೇನಿನ ಉದ್ದ ತೋಳಾದ ಬೂಮ್‌ನ ತುದಿ ತಂತಿಗಿಂತ ಈಚೆಗಿದೆಯೋ ಆಚೆಗಿದೆಯೋ ಅಂದಾಜು ಸಿಗಲ್ಲ. ಕೊಕ್ಕೆಯಲ್ಲಿ ತೂಗುವ ಭಾರ ಗಾಳಿಗೆ ಓಲಾಡುತ್ತದೆ, ತಂತಿಯೂ ಓಲಾಡುತ್ತದೆ.

ಆದರೆ ಆ 10 ಅಡಿಯನ್ನು ಕಾಯುವ ಹೊಣೆ ಬಹುಮಟ್ಟಿಗೆ ಆಪರೇಟರ್ ಕಣ್ಣಿನ ಮೇಲೇ ಬಿತ್ತು. ಸಾವುಗಳು ನಿಲ್ಲಲಿಲ್ಲ. 2010ರಲ್ಲಿ ಬಂದ ಹೊಸ ನಿಯಮ ಈ ದೋಷಕ್ಕೇ ಕೈಹಾಕಿತು. ಕೆಲಸ ಶುರುವಾಗುವ ಮೊದಲೇ ನೋಡಬೇಕು: ಬೂಮ್ ಪೂರ್ತಿ ಚಾಚಿದರೆ ಕ್ರೇನಿನ ಯಾವುದೇ ಭಾಗ, ಹಗ್ಗ ಅಥವಾ ಭಾರ ತಂತಿಯ 20 ಅಡಿ ಒಳಗೆ ಬರಬಹುದೇ? ಬರಬಹುದಾದರೆ ಲೈನ್ ಆಫ್ ಮಾಡಿಸಿ ಅರ್ಥಿಂಗ್ ಮಾಡಿಸಬೇಕು. ಇಲ್ಲವೇ 20 ಅಡಿ ದೂರವನ್ನೇ ಉಳಿಸಿಕೊಳ್ಳಬೇಕು. ಅದಕ್ಕಿಂತ ಹತ್ತಿರ ಹೋಗಬೇಕೆಂದರೆ ಮೊದಲು ವೋಲ್ಟೇಜ್ ತಿಳಿದುಕೊಂಡು, ನಿಯಮದ ಕೋಷ್ಟಕದಲ್ಲಿರುವ ದೂರ ಪಾಲಿಸಬೇಕು: 50 ಕೆವಿವರೆಗೆ 10 ಅಡಿ, 200 ಕೆವಿವರೆಗೆ 15. ಜೊತೆಗೆ ತಂತಿಯನ್ನೇ ನೋಡುತ್ತಾ ನಿಲ್ಲುವ ಒಬ್ಬ ಮನುಷ್ಯನೋ, ಅಲಾರಮ್ಮೋ ಇರಬೇಕು. ಲೈನ್ ಆಫ್ ಆಗಿದೆ ಎಂದು ವಿದ್ಯುತ್ ಕಂಪನಿ ಖಚಿತಪಡಿಸಿ, ಅರ್ಥಿಂಗ್ ಕಣ್ಣಿಗೆ ಕಾಣುವವರೆಗೆ ಅದರಲ್ಲಿ ಕರೆಂಟು ಇದೆ ಎಂದೇ ತಿಳಿಯಬೇಕು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅನಿಸುತ್ತದೆ.

ಯಾಕೆಂದರೆ ಬೂಮ್ ತಾಗಿದ ಮೇಲೂ ಲೈನ್ ಟ್ರಿಪ್ ಆಗದೇ ಇರಬಹುದು. ಒಣ ಮಣ್ಣಿನ ಮೂಲಕ ಹರಿಯುವ ಕರೆಂಟು ಬ್ರೇಕರ್ ಗಮನಿಸುವಷ್ಟು ಜಾಸ್ತಿ ಇರುವುದಿಲ್ಲ. ಟ್ರಿಪ್ ಆದರೂ ಕೆಲವೇ ಸೆಕೆಂಡಿನಲ್ಲಿ ರೀಕ್ಲೋಸರ್ ಎಂಬ ಸ್ವಯಂಚಾಲಿತ ಸ್ವಿಚ್ ಲೈನನ್ನು ಮತ್ತೆ ಚಾಲೂ ಮಾಡಬಹುದು. ಹಾಗಾಗಿ ಆಪರೇಟರ್ ಒಳಗೇ ಕೂತಿರಬೇಕು. ಕೆಳಗಿನವರು ಕ್ರೇನನ್ನಾಗಲಿ ಭಾರವನ್ನಾಗಲಿ ಮುಟ್ಟಬಾರದು. ಬೆಂಕಿ ಹತ್ತಿದರೆ ಮಾತ್ರ, ಕ್ರೇನನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರಬೇಕು.

ಲೈನ್‌ಮನ್‌ಗಳ ಕೆಲಸವೇ ತಂತಿಯ ಹತ್ತಿರ. ಅವರಿಗೆ ಇನ್ನೊಂದು ಅಪಾಯವಿದೆ, ಆರ್ಕ್ ಫ್ಲ್ಯಾಶ್. ಶಾರ್ಟ್ ಆದ ಜಾಗದಲ್ಲಿ ಗಾಳಿಯೇ ವಿಪರೀತ ಕಾದು, ತಂತಿ ಮುಟ್ಟದವರನ್ನೂ ಸುಡುತ್ತದೆ. 1982ರಲ್ಲಿ ರಾಲ್ಫ್ ಲೀ ಎಂಬ ಎಂಜಿನಿಯರ್ ಇದನ್ನು ಲೆಕ್ಕಕ್ಕೆ ತಂದರು. ಚರ್ಮದ ಒಂದು ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ಶಾಖ ಬಿದ್ದರೆ ಬೊಬ್ಬೆ ಏಳುವಂಥ ಸುಟ್ಟಗಾಯ ಶುರು. ಇಂದಿಗೂ ಬಳಕೆಯಲ್ಲಿರುವ ಗೆರೆ ಅದೇ.

ಇಲ್ಲಿ ಸಮಯವೇ ಮುಖ್ಯ. ಅದೇ ಕರೆಂಟು, ಅದೇ ದೂರ ಇದ್ದಾಗ 0.1 ಸೆಕೆಂಡಿನಲ್ಲಿ ಕಡಿತವಾಗುವ ಆರ್ಕ್‌ನಿಂದ 1 ಕ್ಯಾಲೊರಿ ಬಿದ್ದರೆ, 0.5 ಸೆಕೆಂಡ್ ಉರಿದದ್ದರಿಂದ 5 ಬೀಳುತ್ತದೆ. ಆಗ ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಓಶಾ 2014ರಲ್ಲಿ ಲೈನ್ ಕೆಲಸಕ್ಕೂ ಈ ಲೆಕ್ಕ ಕಡ್ಡಾಯ ಮಾಡಿತು; ಬಟ್ಟೆ ಅದಕ್ಕೆ ತಕ್ಕಂತಿರಬೇಕು. ಚಾಲೂ ಲೈನಿನಲ್ಲಿ ಕೆಲಸ ನಡೆಯುವಾಗ ರೀಕ್ಲೋಸರ್ ಮತ್ತೆ ಚಾಲೂ ಮಾಡದಂತೆ ತಡೆದಿಡುತ್ತಾರೆ, ಬ್ರೇಕರ್ ತಡವಿಲ್ಲದೆ ಬೀಳುವಂತೆ ಸೆಟ್ ಮಾಡುವುದೂ ಉಂಟು.