ಬಾಗಿಲು ದಾಟಿದ ಫೈಲಿಗೆ ಮಾತ್ರ ನಂಬರ್

ನಮ್ಮದು ಐದು ಜನರ ಸಣ್ಣ ಸಂಸ್ಥೆ. ಹಳ್ಳಿ ಶಾಲೆಗಳಲ್ಲಿ ಗ್ರಂಥಾಲಯ ನಡೆಸುತ್ತೇವೆ. ಒಂದು ವರ್ಷ ಆಡಿಟರ್ ಬಂದು ಕೂತವರೇ ಕೇಳಿದರು: "ತರಬೇತಿಗೆ 1,50,000 ಖರ್ಚು ಹಾಕಿದ್ದೀರಿ. ಮಂಜೂರಾಗಿದ್ದು 1,20,000 ಅಲ್ವಾ?"

ಇಲ್ಲವಲ್ಲ ಅಂದುಕೊಂಡು ಬಜೆಟ್ ಹುಡುಕಿದೆವು. ಸಿಕ್ಕಿದ್ದು ಒಂದಲ್ಲ, ನಾಲ್ಕು.

```
budget final.xlsx
budget final (1).xlsx
budget final NEW.xlsx
DOC-20230412-WA0007.xlsx
```

ದಾನಿಗಳು ಒಪ್ಪಿದ್ದು ಮೂರನೆಯದನ್ನು. ನಮ್ಮ ಕ್ಷೇತ್ರ ಸಂಯೋಜಕಿ ವರ್ಷವಿಡೀ ನೋಡಿಕೊಂಡಿದ್ದು ನಾಲ್ಕನೆಯದನ್ನು. ಅದು ಅದಕ್ಕೂ ಹಿಂದಿನ ಕರಡು, ವಾಟ್ಸಾಪ್‌ನಲ್ಲಿ ಹೋಗಿದ್ದು. ಫೋನು ಕೆಲವೊಮ್ಮೆ ಹೀಗೆ ತನ್ನದೇ ಹೆಸರಿಟ್ಟು ಉಳಿಸುತ್ತದೆ. ಹೆಸರಿನಲ್ಲಿ ಬಂದ ದಿನ ಇರುತ್ತದೆ, ಒಳಗೇನಿದೆ ಅನ್ನೋದು ಇರುವುದಿಲ್ಲ. ಒಪ್ಪಂದದ ಪ್ರಕಾರ ಒಂದು ಬಾಬ್ತಿನಲ್ಲಿ ಶೇ. 10ರಷ್ಟು ಹೆಚ್ಚಾದರೆ ಪರವಾಗಿಲ್ಲ, ಅಂದರೆ 1,32,000ದವರೆಗೆ. ಉಳಿದ 18,000ವನ್ನು ನಾವೇ ಕೈಯಿಂದ ಹಾಕಿದೆವು.

ಆಮೇಲೆ ಮಾಡಿಕೊಂಡ ಮೊದಲ ನಿಯಮ: ಕೆಲಸ ನಡೆಯುವಾಗ ಒಂದೇ ಫೈಲು, ಒಂದೇ ಜಾಗ, ಹೆಸರಿನಲ್ಲಿ ನಂಬರ್ ಇಲ್ಲ. ಅದು ಗೂಗಲ್ ಡ್ರೈವ್‌ನಲ್ಲಿ `LIB_budget.xlsx` ಅಂತಷ್ಟೇ ಇರುತ್ತದೆ. ಆಫೀಸಿನ ಬಾಗಿಲು ದಾಟಿ ದಾನಿಗೋ ಆಡಿಟರಿಗೋ ಫೀಲ್ಡಿಗೋ ಹೊರಟಾಗ ಮಾತ್ರ ಅದರ ಪಿಡಿಎಫ್ ತೆಗೆದು ತಾರೀಖು, ನಂಬರ್ ಹಾಕುತ್ತೇವೆ.

```
LIB_budget_2023-04-12_v03.pdf
```

ತಾರೀಖು ಯಾಕೆ ಹಿಂದುಮುಂದಾಗಿದೆ? ಕಂಪ್ಯೂಟರಿಗೆ ಹೆಸರಿನೊಳಗಿನ ತಾರೀಖು ಬರೀ ಅಕ್ಷರಗಳ ಸಾಲು. ಎಡದಿಂದ ಒಂದೊಂದೇ ಹೋಲಿಸಿ ಜೋಡಿಸುತ್ತದೆ. ನಾವು ಬರೆಯೋ ಹಾಗೆ 05-11-2023, 12-04-2023 ಅಂತ ಬರೆದರೆ ನವೆಂಬರಿನದು ಏಪ್ರಿಲಿಗಿಂತ ಮೊದಲು ಬಂದು ಕೂರುತ್ತದೆ. ವರ್ಷ, ತಿಂಗಳು, ದಿನ ಅಂತ ಬರೆದರೆ ಅಕ್ಷರಗಳ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತದೆ. 1988ರಲ್ಲಿ ಬಂದ ಐಎಸ್‌ಒ 8601 ಮಾನಕ ಹೇಳುವುದೂ ಇದೇ ಕ್ರಮ. v3 ಬದಲು v03 ಅನ್ನೋದೂ ಅದಕ್ಕೇ. ಇಲ್ಲದಿದ್ದರೆ ಕೆಲವು ಕಡೆ v10 ಬಂದು v2ರ ಮೇಲೆ ಕೂರುತ್ತದೆ. ಇನ್ನು 12/04/2023 ಅಂತ ಓರೆಗೆರೆ ಹಾಕಲು ವಿಂಡೋಸ್ ಬಿಡುವುದೇ ಇಲ್ಲ.

ಕೆಲವರು ತಾರೀಖನ್ನೇ ಹೆಸರಿನ ಮೊದಲಿಗೆ ಹಾಕುತ್ತಾರೆ. ನನಗದು ಹಿಡಿಸಲಿಲ್ಲ. ಬಜೆಟ್ ಹುಡುಕುವಾಗ ಎಲ್ಲ ಬಜೆಟ್‌ಗಳೂ ಒಟ್ಟಿಗೆ ಇರಬೇಕು, ನಡುವೆ ಬಸ್ ಟಿಕೆಟಿನ ಸ್ಕ್ಯಾನು ಬರಬಾರದು.

ಒಂದೇ ಫೈಲಿದ್ದರೆ ನಿನ್ನೆಯ ಅಂಕಿ ಅಳಿಸಿಹೋದಾಗ ಏನು ಗತಿ? ಅಲ್ಲಿ ಡ್ರೈವ್ ತಾನೇ ಇಟ್ಟುಕೊಳ್ಳುವ ಹಳೆಯ ಆವೃತ್ತಿಗಳು ನೆರವಿಗೆ ಬರುತ್ತವೆ. ಆದರೆ ಎಕ್ಸೆಲ್ ಫೈಲು ಅಪ್‌ಲೋಡ್ ಮಾಡಿಟ್ಟಿದ್ದರೆ ಹುಷಾರು. ಹಳೆಯ ಆವೃತ್ತಿಗಳು 30 ದಿನವಾದ ಮೇಲೆ, ಇಲ್ಲವೇ ಅವುಗಳ ಸಂಖ್ಯೆ 100 ದಾಟಿದ ಮೇಲೆ, ಅಳಿಸಿಹೋಗಬಹುದು. ಆಡಿಟ್ ಬರುವುದು ವರ್ಷದ ಕೊನೆಗೆ! ಹಾಗಾಗಿ ಮಂಜೂರಾದ ದಿನವೇ `Manage versions`ಗೆ ಹೋಗಿ ಆ ಆವೃತ್ತಿಗೆ `Keep forever` ಒತ್ತುತ್ತೇವೆ.

ಸಾಫ್ಟ್‌ವೇರ್ ಕೆಲಸದ ಗೆಳೆಯರೊಬ್ಬರು, ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಿ ಅಂದರು. ಕೋಡಿಗೆ ಅದು ಚಿನ್ನ. ಆದರೆ ಎಕ್ಸೆಲ್ ಫೈಲು ನಿಜವಾಗಿ ಒಂದು ಜಿಪ್ ಕಟ್ಟು. ಹೆಸರಿನ ಕೊನೆಯ `.xlsx` ತೆಗೆದು `.zip` ಮಾಡಿ ತೆರೆದರೆ ಒಳಗೆ ಹಲವು ಪುಟ್ಟ ಫೈಲುಗಳು ಕಾಣುತ್ತವೆ. ಗಿಟ್ ಕಟ್ಟು ಬದಲಾಗಿದೆ ಅನ್ನುತ್ತದೆ, ತರಬೇತಿಯ ಸಾಲು ಬದಲಾಗಿದೆ ಅಂತ ತಾನಾಗಿ ಹೇಳುವುದಿಲ್ಲ. ನಮಗೆ ಬೇಕಿದ್ದುದೇ ಆ ಸಾಲು.

ಇನ್ನೊಂದು ಕಾಟ ತ್ರೈಮಾಸಿಕ ವರದಿಯದು. ಹೋದ ಸಲದ್ದನ್ನೇ ಕಾಪಿ ಮಾಡಿ ತುಂಬುತ್ತಿದ್ದೆವು. ಒಮ್ಮೆ ಆರನೇ ಪುಟದಲ್ಲಿ ನಾವು ಕೆಲಸ ಬಿಟ್ಟು ವರ್ಷವಾಗಿದ್ದ ಊರಿನ ಹೆಸರು ಹಾಗೇ ಹೋಯಿತು. ಈಗ ವರ್ಡ್‌ನಲ್ಲಿ `.dotx` ಟೆಂಪ್ಲೇಟ್ ಇದೆ. ಅದನ್ನು ಎರಡು ಸಲ ಕ್ಲಿಕ್ ಮಾಡಿದರೆ ಮೂಲ ತೆರೆಯುವುದಿಲ್ಲ, ಹೆಸರಿಲ್ಲದ ಹೊಸ ಪ್ರತಿ ತೆರೆಯುತ್ತದೆ. ಸುಮ್ನೆ ಸೇವ್ ಒತ್ತಿದರೂ ಮೂಲ ಕೆಡುವುದಿಲ್ಲ. ತುಂಬಬೇಕಾದ ಜಾಗವೆಲ್ಲ ಹಳದಿ. ಕಳಿಸುವ ಮುಂಚೆ ಹಳದಿ ಉಳಿದಿದೆಯಾ ಅಂತ ಕಣ್ಣಾಡಿಸಿದರೆ ಸಾಕು. ಪ್ರತಿ ಪುಟದ ತಲೆಯ ಮೇಲೆ ಆವೃತ್ತಿಯ ನಂಬರ್ ಮತ್ತು ಒಪ್ಪಿದವರ ಹೆಸರು. ವಾಟ್ಸಾಪ್ ಫೈಲಿನ ಹೆಸರು ಕೆಡಿಸಬಹುದು, ಪುಟದ ಒಳಗಿರುವುದನ್ನು ಮುಟ್ಟುವುದಿಲ್ಲ. ಈಗ ಸಂಯೋಜಕಿ ಫೋನ್ ಮಾಡಿದರೆ ನಾವು ಮೊದಲು ಕೇಳುವುದೇ "ಮೇಲೆ ಎಷ್ಟು ಅಂತಿದೆ?"

ಹಳೆಯ ಫೈಲುಗಳಿಗೆ ಹೊಸ ಹೆಸರಿಡಲು ಹೋಗಲಿಲ್ಲ. ಲೆಕ್ಕದ ಒಂದು ಹಾಳೆ ಇನ್ನೊಂದು ಫೈಲಿನಿಂದ ಅಂಕಿ ಎಳೆದುಕೊಳ್ಳುತ್ತಿರುತ್ತದೆ. ಆ ಫೈಲಿನ ಹೆಸರು ಬದಲಾದರೆ ಕೊಂಡಿ ಕಡಿಯುತ್ತದೆ. ಎಲ್ಲವನ್ನೂ ಇದ್ದ ಹಾಗೇ ಒಂದು ಫೋಲ್ಡರಿಗೆ ಹಾಕಿ, ಮೇಲೆ `old_2023` ಅಂತ ಬರೆದು, ಅದರಲ್ಲಿ ಹೊಸದೇನನ್ನೂ ಸೇರಿಸದಂತೆ ಬೀಗ ಹಾಕಿದ್ದೇವೆ.