ದಾಸ್ತಾನಿನ ಕಥೆ ಮತ್ತು ಅದರಾಚೆ: ಲಸಿಕೆಗೆ ಅಡ್ಜುವಂಟ್ ಯಾಕೆ ಬೇಕು?

ಲಸಿಕೆಯ ಜೊತೆ ಬರುವ ಚೀಟಿ ಓದುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಓದಿದವರ ಕಣ್ಣು ಸಾಮಾನ್ಯವಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎನ್ನುವ ಹೆಸರಿನ ಮೇಲೆ ನಿಲ್ಲುತ್ತದೆ. ಇದೊಂದು ಅಡ್ಜುವಂಟ್, ಅಂದರೆ ಲಸಿಕೆಯಿಂದ ಹುಟ್ಟುವ ಪ್ರತಿರೋಧವನ್ನು ಹೆಚ್ಚಿಸಲು ಬೆರೆಸುವ ವಸ್ತು. ಇದ್ಯಾಕೆ ಇಲ್ಲಿದೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ. ಅದು ಲಸಿಕೆಯ ಮುಖ್ಯ ಅಂಶವನ್ನು, ಅಂದರೆ ಆಂಟಿಜನ್ ಅನ್ನು, ಚುಚ್ಚಿದ ಜಾಗದಲ್ಲೇ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದಂತೆ. ಈ ಉತ್ತರ 1931ರ ಹೊತ್ತಿನದು. ಪೂರ್ತಿ ಸುಳ್ಳು ಎನ್ನುವ ಹಾಗಿಲ್ಲ. ಆದರೆ ಅಡ್ಜುವಂಟ್ ಕೆಲಸ ಮಾಡುವುದು ಅದರಿಂದಲೇ ಎನ್ನುವುದಕ್ಕೆ ಈಗ ಆಧಾರ ಉಳಿದಿಲ್ಲ. ಆದರೂ ಆ ವಿವರಣೆ ಇನ್ನೂ ಚಾಲ್ತಿಯಲ್ಲಿದೆ. ಹೇಳುವುದು ಸುಲಭ, ಕೇಳುವುದೂ ಸುಲಭ, ಅಷ್ಟೇ.

ಶುರುವಾಗಿದ್ದು ಕುದುರೆಗಳಿಂದ. 1920ರ ದಶಕದಲ್ಲಿ ಫ್ರಾನ್ಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿ ಗ್ಯಾಸ್ಟನ್ ರಾಮೋನ್ ಕುದುರೆಗಳಿಗೆ ಗಂಟಲಮಾರಿಯ ವಿಷವನ್ನು ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷ ತೆಗೆಯುತ್ತಿದ್ದರು. ಚುಚ್ಚಿದ ಕಡೆ ಬಾವು ಬಂದು ಕೀವಾದ ಕುದುರೆಗಳಲ್ಲಿ ಪ್ರತಿವಿಷ ಹೆಚ್ಚು ಸಿಗುವುದನ್ನು ಅವರು ಗಮನಿಸಿದರು. ಹಾಗಾದರೆ ಬೇಕೆಂದೇ ಉರಿಯೂತ ಎಬ್ಬಿಸಿದರೆ? ಟ್ಯಾಪಿಯೋಕ, ಬ್ರೆಡ್ಡಿನ ಪುಡಿ, ಅಗಾರ್ ಹೀಗೆ ಒಂದೊಂದನ್ನೇ ಬೆರೆಸಿ ನೋಡಿದರು. ಪ್ರತಿವಿಷ ಏರಿತು.

1926ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಗ್ಲೆನ್ನಿ ಮತ್ತು ಸಂಗಡಿಗರು ಬೇರೆ ದಾರಿಯಿಂದ ಇಲ್ಲಿಗೇ ಬಂದರು. ಗಂಟಲಮಾರಿಯ ವಿಷವನ್ನು ನಿರಪಾಯಗೊಳಿಸಿದರೆ ಸಿಗುವುದು ಟಾಕ್ಸಾಯ್ಡ್. ಅದಕ್ಕೆ ಪಟಿಕ, ಅಂದರೆ ಅಲ್ಯೂಮಿನಿಯಂನದೇ ಒಂದು ಲವಣ, ಹಾಕಿದಾಗ ತಳದಲ್ಲಿ ಗಷ್ಟು ಕೂತಿತು. ಆ ಗಷ್ಟನ್ನು ಗಿನಿಪಿಗ್‌ಗಳಿಗೆ ಚುಚ್ಚಿದರೆ, ಬರೀ ಟಾಕ್ಸಾಯ್ಡ್ ಚುಚ್ಚಿದಾಗಿನದಕ್ಕಿಂತ ಎಷ್ಟೋ ಜಾಸ್ತಿ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು ಹುಟ್ಟಿದವು. ಯಾಕೆ ಅಂತ ತಿಳಿಯಲು ಅವರ ತಂಡ ಮುಂದೆ ಒಂದು ಪ್ರಯೋಗ ಮಾಡಿತು. ಚುಚ್ಚಿದ ಕೆಲ ದಿನಗಳ ನಂತರ ಆ ಜಾಗದ ಗಂಟನ್ನು ಕತ್ತರಿಸಿ ತೆಗೆದು, ಅರೆದು, ಬೇರೆ ಗಿನಿಪಿಗ್‌ಗಳಿಗೆ ಚುಚ್ಚಿದರು. ಅವುಗಳಲ್ಲೂ ಪ್ರತಿರೋಧ ಬಂತು. ಅಂದರೆ ಆಂಟಿಜನ್ ಇನ್ನೂ ಆ ಗಂಟಿನಲ್ಲೇ ಇತ್ತು. ಪಟಿಕ ಇಲ್ಲದಿದ್ದರೆ ಅದು ಬೇಗ ಕರಗಿ ಹೋಗುತ್ತಿತ್ತು. ದಾಸ್ತಾನು ಸಿದ್ಧಾಂತ ಹುಟ್ಟಿದ್ದು ಹೀಗೆ.

ಪ್ರಯೋಗ ಚೊಕ್ಕವಾಗಿಯೇ ಇತ್ತು. ತೀರ್ಮಾನ ಮಾತ್ರ ಒಂದು ಹೆಜ್ಜೆ ಮುಂದೆ ಹೋಯಿತು. ಆಂಟಿಜನ್ ಅಲ್ಲಿ ಉಳಿದಿದೆ ಎನ್ನುವುದು ಒಂದು ಮಾತು. ಉಳಿದಿರುವುದರಿಂದಲೇ ಪ್ರತಿರೋಧ ಹೆಚ್ಚಿತು ಎನ್ನುವುದು ಇನ್ನೊಂದು ಮಾತು. ಎರಡನೆಯದನ್ನು ನೇರವಾಗಿ ಪರೀಕ್ಷಿಸಬೇಕಾದರೆ ಗಂಟನ್ನು ತೆಗೆದುಹಾಕಿ, ಅದೇ ಪ್ರಾಣಿಯಲ್ಲಿ ಏನಾಗುತ್ತದೆ ಎಂದು ನೋಡಬೇಕು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳಿಗೆ ಇದನ್ನೇ ಮಾಡಿದರು. ಚುಚ್ಚಿದ ಎರಡೇ ಗಂಟೆಯಲ್ಲಿ ಆ ಜಾಗವನ್ನು ಕತ್ತರಿಸಿ ತೆಗೆದರು. ಪ್ರತಿರೋಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದಾಸ್ತಾನು ಇತ್ತು, ಆದರೆ ಅದಿಲ್ಲದೆಯೂ ಕೆಲಸ ಆಗಿತ್ತು. ಎಂಬತ್ತು ವರ್ಷ ಪಾಠವಾಗಿ ಹೇಳಿದ ಮಾತು, ಅಲ್ವಾ?

ಹಾಗಂತ ಅಲ್ಯೂಮಿನಿಯಂ ಕಣಗಳು ಸುಮ್ನೆ ಕೂತಿರುತ್ತವೆ ಎಂದಲ್ಲ. ಆಂಟಿಜನ್ ಅವುಗಳ ಮೈಗೆ ಅಂಟಿಕೊಂಡಿರುತ್ತದೆ, ಮತ್ತು ಆ ಕಣಗಳ ರಚನೆ ಕೆಡಬಾರದು. ಇಂಥ ಲಸಿಕೆ ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಅಂಟಿ ಗರಣೆಯಾಗುತ್ತವೆ. ಕರಗಿದ ಮೇಲೂ ಮೊದಲಿನಂತಾಗುವುದಿಲ್ಲ, ಲಸಿಕೆಯ ಶಕ್ತಿ ಕುಗ್ಗುತ್ತದೆ. ಲಸಿಕೆ ಹಾಕುವವರು ಇದನ್ನು ಪತ್ತೆ ಮಾಡುವುದು ಹೀಗೆ: ಅದೇ ತಯಾರಿಕೆಯ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ. ಅದನ್ನೂ ಅನುಮಾನದ ಸೀಸೆಯನ್ನೂ ಚೆನ್ನಾಗಿ ಅಲ್ಲಾಡಿಸಿ ಪಕ್ಕಪಕ್ಕ ಇಡುತ್ತಾರೆ. ಹೆಪ್ಪುಗಟ್ಟಿದ್ದರಲ್ಲಿ ಗಷ್ಟು ಬೇಗ ತಳ ಸೇರಿ ಮೇಲಿನ ನೀರು ತಿಳಿಯಾಗುತ್ತದೆ. ಅನುಮಾನದ ಸೀಸೆಯೂ ಅಷ್ಟೇ ಬೇಗ ತಿಳಿಯಾದರೆ ಅದನ್ನು ಬಳಸುವ ಹಾಗಿಲ್ಲ.

ಈ ನಡುವೆ ಲಸಿಕೆಗಳೇ ಬದಲಾಗುತ್ತಿದ್ದವು. ಇಡೀ ರೋಗಾಣುವನ್ನು ಕೊಂದು ಚುಚ್ಚುವ ಹಳೆಯ ಲಸಿಕೆಗಳಿಗೆ ಹೊರಗಿನ ಸಹಾಯ ಕಡಿಮೆ ಸಾಕಾಗುತ್ತಿತ್ತು. ಹಳೆಯ ನಾಯಿಕೆಮ್ಮಿನ ಲಸಿಕೆಯಲ್ಲಿ ಬ್ಯಾಕ್ಟೀರಿಯಾದ ಹೊರಪೊರೆಯ ಚೂರುಗಳೆಲ್ಲ ಇದ್ದವು. ಅವೇ ದೇಹವನ್ನು ಎಚ್ಚರಿಸುತ್ತಿದ್ದವು, ಜ್ವರವನ್ನೂ ತರುತ್ತಿದ್ದವು. ಜ್ವರ ಬೇಡ ಎಂದು ಒಂದೆರಡು ಪ್ರೋಟೀನ್ ಮಾತ್ರ ಉಳಿಸಿಕೊಂಡು ಲಸಿಕೆಯನ್ನು ಶುದ್ಧ ಮಾಡುತ್ತಾ ಹೋದರು. ಶುದ್ಧವಾದಷ್ಟೂ ಅದು ಸಪ್ಪೆಯಾಯಿತು. ಆಂಟಿಜನ್ ದುರ್ಬಲ ಎಂದು ಹೇಳುವಾಗ ನಾವು ಮರೆಯುವುದು ಇದನ್ನೇ. ಅದು ಹುಟ್ಟಾ ದುರ್ಬಲವಲ್ಲ. ಅದರ ಜೊತೆಗಿದ್ದ ಅಪಾಯದ ಸುಳಿವುಗಳನ್ನೆಲ್ಲ ನಾವೇ ತೊಳೆದು ತೆಗೆದಿದ್ದೇವೆ.

ಈ ಸುಳಿವಿನ ಮಾತನ್ನು 1989ರಲ್ಲಿ ಇಮ್ಯುನಾಲಜಿಯ, ಅಂದರೆ ರೋಗನಿರೋಧಕ ಶಕ್ತಿಯ ವಿಜ್ಞಾನದ, ಸಂಶೋಧಕ ಚಾರ್ಲ್ಸ್ ಜೇನ್‌ವೇ ಎತ್ತಿದರು. ಅಡ್ಜುವಂಟ್ ಬೆರೆಸದೆ ಪ್ರಯೋಗಗಳು ನಡೆಯುವುದೇ ಇಲ್ಲ, ಇದು ಇಮ್ಯುನಾಲಜಿಯವರ ಕೊಳಕು ಗುಟ್ಟು ಎಂದರು. ಪರಕೀಯ ಪ್ರೋಟೀನ್ ಕಂಡ ಮಾತ್ರಕ್ಕೆ ದೇಹ ಏಳುವುದಿಲ್ಲ, ಇದು ರೋಗಾಣುವಿನದು ಎಂದು ಗುರುತಿಸುವ ಬೇರೆ ಗ್ರಾಹಕ ಪ್ರೋಟೀನ್‌ಗಳು ಕೋಶಗಳಲ್ಲಿ ಇರಲೇಬೇಕು ಎನ್ನುವುದು ಅವರ ಊಹೆ. ಹತ್ತು ವರ್ಷದೊಳಗೆ ಆ ಗ್ರಾಹಕಗಳು ಸಿಕ್ಕವು. ಅವುಗಳಲ್ಲಿ ಒಂದಾದ ಟಿಎಲ್‌ಆರ್4 ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬಿನಂಥ ಅಂಶವನ್ನು ಹಿಡಿಯುತ್ತದೆ ಎಂದು 1998ರಲ್ಲಿ ಗೊತ್ತಾಯಿತು. ಅದನ್ನು ತೋರಿಸಿದ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಹಂಚಿಕೊಂಡರು. ಜೇನ್‌ವೇ ಅಷ್ಟು ಹೊತ್ತಿಗೆ ಬದುಕಿರಲಿಲ್ಲ.

ಇಲ್ಲಿಂದ ಮುಂದಿನದು ಸರ್ಪಸುತ್ತಿನ ಲಸಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ಅದರ ವೈರಸ್ ನರಗಳ ಬುಡದಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು. ವಯಸ್ಸಾದಂತೆ ಅವು ಸೋಲುತ್ತವೆ, ವೈರಸ್ ಸರ್ಪಸುತ್ತಾಗಿ ಏಳುತ್ತದೆ. ಹಾಗಾಗಿ ಇಲ್ಲಿ ಬರೀ ಪ್ರತಿಕಾಯ ಹೆಚ್ಚಿದರೆ ಸಾಲದು, ಟಿ ಕೋಶಗಳು ಏಳಬೇಕು. ಅಲ್ಯೂಮಿನಿಯಂ ಸೋಲುವುದೇ ಇಲ್ಲಿ. ಅದು ಪ್ರತಿಕಾಯ ಹುಟ್ಟಿಸುವುದರಲ್ಲಿ ಗಟ್ಟಿಗ, ಈ ಬಗೆಯ ಟಿ ಕೋಶಗಳ ವಿಷಯದಲ್ಲಿ ಅಷ್ಟಕ್ಕಷ್ಟೆ. ಮೊದಲು ಬಂದ ಜೀವಂತ, ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ 60 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಸರ್ಪಸುತ್ತನ್ನು ತಡೆಯಿತು. ವಯಸ್ಸು ಏರಿದಂತೆ ಅದರ ಪರಿಣಾಮ ಇಳಿಯುತ್ತಿತ್ತು.

ಹೊಸ ಲಸಿಕೆಯಲ್ಲಿ ವೈರಸ್ಸೇ ಇಲ್ಲ. ಅದರ ಹೊರಮೈಯ ಒಂದು ಪ್ರೋಟೀನ್ ಮಾತ್ರ ಇದೆ, 50 ಮೈಕ್ರೋಗ್ರಾಂ. ಅದನ್ನೊಂದನ್ನೇ ಚುಚ್ಚಿದರೆ ವಯಸ್ಸಾದವರಲ್ಲಿ ಪ್ರತಿಕ್ರಿಯೆ ತೀರಾ ಕಡಿಮೆ. ಜೊತೆಗೆ ಎಎಸ್‌01 ಎಂಬ ಅಡ್ಜುವಂಟ್ ಸೇರಿಸುತ್ತಾರೆ. ಅದರಲ್ಲಿ ಎರಡು ವಸ್ತುಗಳಿವೆ, ತಲಾ 50 ಮೈಕ್ರೋಗ್ರಾಂ. ಒಂದು ಎಂಪಿಎಲ್. ಇದು ಸಾಲ್ಮೊನೆಲ್ಲ ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ. ಇದರ ವಿಷವನ್ನು ಬಹುಪಾಲು ತೆಗೆದಿರುತ್ತಾರೆ, ಆದರೆ ಟಿಎಲ್‌ಆರ್4 ಅನ್ನು ತಟ್ಟುವ ಗುಣ ಉಳಿದಿರುತ್ತದೆ. ಇನ್ನೊಂದು ಕ್ಯೂಎಸ್-21. ಚಿಲಿಯ ಕ್ವಿಲ್ಲಾಯ ಮರದ ತೊಗಟೆಯಿಂದ ತೆಗೆಯುವ, ಸೋಪಿನ ಗುಣದ ವಸ್ತು. ಒಂಟಿಯಾಗಿ ಬಿಟ್ಟರೆ ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಾಗಾಗಿ ಕೊಲೆಸ್ಟರಾಲ್ ಇರುವ ಪುಟ್ಟ ಕೊಬ್ಬಿನ ಗುಳ್ಳೆಗಳಲ್ಲಿ ಅದನ್ನು ಕಟ್ಟಿಹಾಕುತ್ತಾರೆ. ಕೊಲೆಸ್ಟರಾಲ್ ಅದನ್ನು ಹಿಡಿದುಕೊಳ್ಳುತ್ತದೆ, ರಕ್ತಕಣಗಳು ಉಳಿಯುತ್ತವೆ.

ಚುಚ್ಚಿದ ಮೇಲೆ ಏನಾಗುತ್ತದೆ? ಇಲಿಗಳಲ್ಲಿ ನೋಡಿದಂತೆ, ಎಎಸ್‌01 ಕೆಲವೇ ಗಂಟೆಗಳಲ್ಲಿ ಹತ್ತಿರದ ದುಗ್ಧಗ್ರಂಥಿ ಸೇರುತ್ತದೆ. ಅಲ್ಲಿನ ಕೆಲವು ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಬಿಡುಗಡೆ ಮಾಡುತ್ತವೆ. ಡೆಂಡ್ರೈಟಿಕ್ ಕೋಶಗಳು ಎಚ್ಚೆತ್ತು ಆ ಪ್ರೋಟೀನಿನ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುತ್ತವೆ. ಎಂಪಿಎಲ್ ಒಂದೇ ಆದರೂ, ಕ್ಯೂಎಸ್-21 ಒಂದೇ ಆದರೂ ಇಷ್ಟು ಆಗುವುದಿಲ್ಲ, ಎರಡೂ ಬೇಕು. ದಾಸ್ತಾನಿನ ಕಥೆಗೆ ತೀರಾ ಉಲ್ಟಾ ಇರುವ ಸಂಗತಿ ಮುಂದಿನದು. ಈ ಗದ್ದಲವೆಲ್ಲ ಕೆಲವು ದಿನಗಳಲ್ಲಿ ಮುಗಿದುಹೋಗುತ್ತದೆ. ಆಂಟಿಜನ್ ಮತ್ತು ಅಡ್ಜುವಂಟ್ ಒಂದೇ ಜಾಗಕ್ಕೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳಬೇಕು. ನಡುವೆ ಒಂದು ದಿನಕ್ಕಿಂತ ಹೆಚ್ಚು ಅಂತರವಾದರೆ ಲಾಭ ಹೋಯಿತು. ಇಲ್ಲಿ ಅಡ್ಜುವಂಟಿನ ಬಲ ಇರುವುದು ಹೊತ್ತಿಗೆ ಸರಿಯಾಗಿ ಕೂಗುವುದರಲ್ಲಿ, ತಳವೂರುವುದರಲ್ಲಲ್ಲ.

ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. 50 ದಾಟಿದ ಸುಮಾರು 15,400 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಸರಾಸರಿ ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ, ಹುಸಿ ಚುಚ್ಚುಮದ್ದು ಪಡೆದವರಲ್ಲಿ 210 ಮಂದಿಗೆ ಸರ್ಪಸುತ್ತು ಬಂತು. ಲಸಿಕೆ ಪಡೆದವರಲ್ಲಿ 6 ಮಂದಿಗೆ. 70 ದಾಟಿದವರಲ್ಲೂ ರಕ್ಷಣೆ ಶೇ. 90ರ ಆಸುಪಾಸು ಇತ್ತು. ಇದಕ್ಕೆ ಬೆಲೆಯೂ ಇದೆ. ಅದೇ ಪರೀಕ್ಷೆಯಲ್ಲಿ ಲಸಿಕೆ ಪಡೆದವರ ಪೈಕಿ ಶೇ. 17ರಷ್ಟು ಜನರಿಗೆ ನೋವು, ಸುಸ್ತು, ಜ್ವರ ಎಲ್ಲ ಸೇರಿ ದಿನದ ಕೆಲಸ ಮಾಡಲಾಗದಷ್ಟು ಆಯಿತು. ಹುಸಿ ಮದ್ದಿನವರಲ್ಲಿ ಈ ಪ್ರಮಾಣ ಶೇ. 3 ಚಿಲ್ಲರೆ. ಒಂದೆರಡು ದಿನದಲ್ಲಿ ಇಳಿಯುತ್ತದೆ, ನಿಜ. ಆದರೆ ಮುಂಚೆಯೇ ಹೇಳದಿದ್ದರೆ ಎರಡನೇ ಡೋಸಿಗೆ ಬರಲು ಜನ ಹಿಂಜರಿಯುವುದು ಸಹಜ. ಸೌಮ್ಯ ಎಂಬ ಒಂದೇ ಪದದಲ್ಲಿ ಇದನ್ನು ಮುಗಿಸುವ ಅಭ್ಯಾಸ ಬಿಟ್ಟರೆ ಒಳ್ಳೆಯದು.

ಜೋರು ಅಡ್ಜುವಂಟ್ ಎಂದ ಕೂಡಲೇ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. 2009ರ ಎಚ್1ಎನ್1 ಹೊತ್ತಿನಲ್ಲಿ ಯುರೋಪಿನಲ್ಲಿ ಬಳಸಿದ ಒಂದು ಲಸಿಕೆಯಲ್ಲಿ ಎಎಸ್‌03 ಎಂಬ ಎಣ್ಣೆ ಆಧಾರಿತ ಅಡ್ಜುವಂಟ್ ಇತ್ತು. ಅದರಿಂದ ಆಂಟಿಜನ್ ಪ್ರಮಾಣವನ್ನು ಸಾಮಾನ್ಯ ಫ್ಲೂ ಲಸಿಕೆಯ 15 ಮೈಕ್ರೋಗ್ರಾಂನಿಂದ 3.75ಕ್ಕೆ ಇಳಿಸಲು ಆಯಿತು. ಇದ್ದ ಆಂಟಿಜನ್ ನಾಲ್ಕು ಪಟ್ಟು ಜನರಿಗೆ ಸಾಕಾಯಿತು. 2010ರಲ್ಲಿ ಫಿನ್ಲೆಂಡ್ ಮತ್ತು ಸ್ವೀಡನ್‌ನಲ್ಲಿ ಲಸಿಕೆ ಪಡೆದ ಕೆಲವು ಮಕ್ಕಳು, ಹದಿಹರೆಯದವರಲ್ಲಿ ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೂ ತಡೆಯಲಾಗದ ನಿದ್ದೆಯ ಕಾಯಿಲೆ, ಕಾಣಿಸಿಕೊಂಡಿತು. ಬಹುತೇಕ ಎಲ್ಲರಲ್ಲೂ ಒಂದು ನಿರ್ದಿಷ್ಟ ಜೀನ್ ಬಗೆ ಇತ್ತು. ದೋಷವೆಲ್ಲ ಅಡ್ಜುವಂಟಿನದು ಎನ್ನೋಣವೆಂದರೆ, ಕೆನಡಾದಲ್ಲಿ ಅದೇ ಎಎಸ್‌03 ಇದ್ದ ಲಸಿಕೆಯಿಂದ ಇಷ್ಟು ಹೆಚ್ಚಳ ಕಂಡುಬರಲಿಲ್ಲ. ಲಸಿಕೆ ಅಷ್ಟಾಗಿ ಹಾಕದಿದ್ದ ಚೀನಾದಲ್ಲಿ ಸೋಂಕಿನ ಅಲೆಯ ನಂತರ ನಾರ್ಕೊಲೆಪ್ಸಿ ಏರಿತ್ತು. ಹಾಗಾಗಿ ಬೆರಳು ಆಂಟಿಜನ್ ಕಡೆಗೂ ತಿರುಗುತ್ತದೆ, ವೈರಸ್ ಕಡೆಗೂ ತಿರುಗುತ್ತದೆ.

ಅನುಮತಿ ಕೊಡುವ ಸಂಸ್ಥೆಗಳು ಅಡ್ಜುವಂಟ್ ಒಂದಕ್ಕೇ ಪರವಾನಗಿ ಕೊಡದಿರುವುದಕ್ಕೆ ಇಂಥ ಜಟಿಲತೆಯೂ ಕಾರಣ. ಪರವಾನಗಿ ಸಿಗುವುದು ಆಂಟಿಜನ್, ಅಡ್ಜುವಂಟ್, ಪ್ರಮಾಣ ಎಲ್ಲ ಸೇರಿದ ಇಡೀ ಲಸಿಕೆಗೆ. ಸರ್ಪಸುತ್ತಿನಲ್ಲಿ ಗೆದ್ದ ಎಎಸ್‌01 ಅನ್ನು ಬೇರೆ ಪ್ರೋಟೀನಿಗೆ ಸೇರಿಸಿದರೆ ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಬೇಕು. ಮಲೇರಿಯಾದ ಒಂದು ಲಸಿಕೆಯಲ್ಲಿ ಅದರದೇ ಅರ್ಧ ಪ್ರಮಾಣ ಬಳಸುತ್ತಾರೆ. ಅಲ್ಲಿ ರಕ್ಷಣೆ ಸರ್ಪಸುತ್ತಿನ ಮಟ್ಟಕ್ಕೆ ಬರಲಿಲ್ಲ, ಮತ್ತು ಕಾಲ ಕಳೆದಂತೆ ಇಳಿಯುತ್ತದೆ.